ದಯವಿಟ್ಟು ಮೆಟ್ಟಿಲು ಬಳಸಿ

ಕಳೆದ ವರ್ಷ ನನ್ನ ಸೋದರಮಾವ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಸಕ್ಕರೆ ಹತೋಟಿಗೆ ಬಂದ ಮೇಲೆ ಆಪರೇಷನ್ ಎಂದು ಡಾಕ್ಟರು ನಿರ್ಧರಿಸಿದ್ದರಿಂದ, ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಮೂರನೆಯ ಮಹಡಿಯಲ್ಲಿ ಅವರ ಕಾಲಿಗೆ ಪಟ್ಟಿ ಸುತ್ತಿ, ಪಟ್ಟಿಯ ತುದಿಗೆ ಕಟ್ಟಿದ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಆಚೆಗೆ ಮೂರು ಕಿಲೋ ತೂಕದ ಬಟ್ಟು ನೇತುಹಾಕಿ, ನಾಲ್ಕು ದಿನ ಅಲುಗಾಡದಂತೆ ಮಲಗಿಸಿದ್ದರು. ಅವರ ಕಣ್ಣಿಗೆ ನೇರವಾಗಿ ಎದುರುಗೋಡೆಯಲ್ಲಿ ಹೊಳೆಯುವ ಫಲಕವೊಂದಿತ್ತು. ‘ಬೆಂಕಿಯ ಸಂದರ್ಭದಲ್ಲಿ ಲಿಫ್ಟ್ ಬಳಸಬೇಡಿ, ದಯವಿಟ್ಟು ಮೆಟ್ಟಿಲು ಬಳಸಿ’ ಎಂಬ ಬರಹದ ಪಕ್ಕದಲ್ಲಿ ಹಸಿರು ಬಣ್ಣದ ಮನುಷ್ಯನೊಬ್ಬ, ಮೊಣಕಾಲನ್ನು ಹೊಟ್ಟೆಯವರೆಗೆ ಎತ್ತಿ, ಲಗುಬಗೆಯಿಂದ ಇಳಿದು ಓಡುತ್ತಿದ್ದ. ಮಾವ ಅದನ್ನು ಎರಡು ದಿನ ಮೌನವಾಗಿ ಓದಿದರು. ಮೂರನೆಯ ದಿನ ನನ್ನನ್ನು ಹತ್ತಿರ ಕರೆದು, “ನೋಡಪ್ಪಾ, ನನ್ನ ಚಪ್ಪಲಿ ಮಂಚದ ಕೆಳಗೇ ಇಟ್ಟಿರು. ಯಾವಾಗ ಓಡು ಅಂತಾರೋ ಗೊತ್ತಿಲ್ಲ” ಎಂದರು.

ಆ ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆಗಳಿದ್ದವು. ಮೂಳೆ ವಿಭಾಗವಾದ್ದರಿಂದ ಹೆಚ್ಚಿನವರು ಒಂದು ಕಾಲನ್ನೋ ಎರಡೂ ಕಾಲನ್ನೋ ವೈದ್ಯಶಾಸ್ತ್ರದ ವಶಕ್ಕೆ ಒಪ್ಪಿಸಿದ್ದವರು. ಅವರಿಗೆ ಮೆಟ್ಟಿಲು ಬಳಸಲು ವಿನಂತಿಸಿಕೊಂಡಿದ್ದ ಆಡಳಿತದ ಸೌಜನ್ಯವನ್ನು, ವಿಶೇಷವಾಗಿ ಆ ‘ದಯವಿಟ್ಟು’ ಎಂಬ ಪದವನ್ನು, ನಾನು ಮೆಚ್ಚಿಕೊಂಡೆ.

ನಮ್ಮ ಅದೃಷ್ಟಕ್ಕೆ ಮರುದಿನವೇ ಅಣಕು ಕಾರ್ಯಾಚರಣೆ ಏರ್ಪಾಡಾಗಿತ್ತು. ಬೆಳಿಗ್ಗೆ ಹನ್ನೊಂದು ಗಂಟೆಗೆ ಸೈರನ್ ಕೂಗಿತು. ಕೂಗುತ್ತದೆಂದು ಹಿಂದಿನ ಸಂಜೆಯೇ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿದ್ದರಿಂದ ಯಾರಿಗೂ ಗಾಬರಿಯಾಗಲಿಲ್ಲ. ಬಿಲ್ಲಿಂಗ್ ಕೌಂಟರಿನವರು, ಔಷಧಿ ಅಂಗಡಿಯವರು, ಕ್ಯಾಂಟೀನಿನ ಹುಡುಗರು, ತರಬೇತಿಯಲ್ಲಿದ್ದ ನರ್ಸಿಂಗ್ ವಿದ್ಯಾರ್ಥಿನಿಯರು ಸಾಲಾಗಿ ಮೆಟ್ಟಿಲಿಳಿದು ಪಾರ್ಕಿಂಗ್ ಜಾಗದಲ್ಲಿ ಸೇರಿದರು, ತಲೆ ಎಣಿಸಲಾಯಿತು, ಸೇಫ್ಟಿ ಆಫೀಸರರು ತಟ್ಟೆಯೊಂದರಲ್ಲಿ ಡೀಸೆಲ್ ಸುರಿದು ಹಚ್ಚಿದ ಬೆಂಕಿಯನ್ನು ಕೆಂಪು ಸಿಲಿಂಡರಿನಿಂದ ಆರಿಸಿ ತೋರಿಸಿದರು, ಫೋಟೋ ತೆಗೆಯಲಾಯಿತು. ಇಡೀ ಕಟ್ಟಡ ಏಳು ನಿಮಿಷದಲ್ಲಿ ಖಾಲಿಯಾಯಿತೆಂದು ವರದಿ ಬರೆದರು. ರೋಗಿಗಳನ್ನು ಬಿಟ್ಟರೆ ಎಲ್ಲರೂ ಪಾರಾಗಿದ್ದರು. ಆಸ್ಪತ್ರೆಯಲ್ಲಿ ರೋಗಿಗಳಿರುತ್ತಾರೆ ಎಂಬ ಒಂದು ಸಣ್ಣ ತೊಡಕನ್ನು ಪಕ್ಕಕ್ಕಿಟ್ಟರೆ ಆ ಯೋಜನೆಯಲ್ಲಿ ಎಣಿಸಬಹುದಾದ ದೋಷವೇನೂ ಇರಲಿಲ್ಲ.

ಅದೇ ಮಹಡಿಯ ಇನ್ನೊಂದು ತುದಿಯಲ್ಲಿ ಹತ್ತು ಹಾಸಿಗೆಯ ಐಸಿಯು ಇತ್ತು. ರಾತ್ರಿ ಎರಡು ಗಂಟೆಗೆ ಅಲ್ಲಿ ಇರುವವರು ಮೂವರು ಸಿಸ್ಟರ್‌ಗಳು, ಒಬ್ಬ ಡ್ಯೂಟಿ ಡಾಕ್ಟರು, ಒಬ್ಬ ವಾರ್ಡ್ ಬಾಯ್, ಒಟ್ಟು ಐದು ಜನ. ಹಸಿರು ಮನುಷ್ಯನ ಮಾತು ಕೇಳಿ ವೆಂಟಿಲೇಟರ್ ಮೇಲಿರುವ ರೋಗಿಯೊಬ್ಬನನ್ನು ಮೆಟ್ಟಿಲಿನಲ್ಲಿ ಇಳಿಸಬೇಕೆಂದುಕೊಳ್ಳಿ. ಹೊರಲು ನಾಲ್ವರು ಬೇಕು. ಅವರ ಜೊತೆಯಲ್ಲೇ ಇಳಿಯುತ್ತ, ಬಾಯಿಯ ಕೊಳವೆ ಕಳಚದಂತೆ ಹಿಡಿದು, ಕೈಯಿಂದ ಅಂಬು ಚೀಲ ಹಿಸುಕುತ್ತ ಉಸಿರು ಕೊಡಲು ಐದನೆಯವರು ಬೇಕು. ಎಂದರೆ ಐವರೂ ಒಬ್ಬನ ಜೊತೆ ಇಳಿಯುತ್ತಾರೆ, ಉಳಿದ ಒಂಬತ್ತು ಜನರ ಬಳಿ ಯಾರೂ ಇರುವುದಿಲ್ಲ. ಇಳಿಸಿ, ಒಂದು ಕಡೆ ಮಲಗಿಸಿ, ಮತ್ತೆ ಹತ್ತಿ ಬರಲು ಉದಾರವಾಗಿ ಆರು ನಿಮಿಷ ಎಂದಿಟ್ಟರೂ ಹತ್ತು ಜನಕ್ಕೆ ಒಂದು ಗಂಟೆ ಹಿಡಿಯುತ್ತದೆ. ಅದೂ ಮೊದಲು ಇಳಿಸಿದವನಿಗೆ ಕೆಳಗೆ ಅಂಬು ಚೀಲ ಹಿಸುಕಲು ಯಾರಾದರೂ ಪುಣ್ಯಾತ್ಮರು ಸಿಕ್ಕಿದ್ದರೆ. ಹೊಗೆ ಇಷ್ಟು ಹೊತ್ತು ಕಾಯುವುದಿಲ್ಲ. ಮುಚ್ಚಿದ ಕೋಣೆಯೊಂದನ್ನು ಉಸಿರಾಡಲಾಗದಂತೆ ಮಾಡಲು ಅದಕ್ಕೆ ಕೆಲವೇ ನಿಮಿಷ ಸಾಕು.

ಆದ್ದರಿಂದಲೇ ಈ ವಿಷಯ ಬಲ್ಲವರು ನಡೆಯಲಾಗದ ರೋಗಿಯನ್ನು ಮೊದಲಿಗೆ ಕೆಳಕ್ಕೆ ಒಯ್ಯಬೇಡಿ, ಪಕ್ಕಕ್ಕೆ ಒಯ್ಯಿರಿ ಎನ್ನುತ್ತಾರೆ. ಇದಕ್ಕೆ ಸಮತಲ ಸ್ಥಳಾಂತರ ಎಂಬ ಹೆಸರಿದೆ. ಒಂದೇ ಮಹಡಿಯನ್ನು ಬೆಂಕಿಯನ್ನು ತಡೆಯಬಲ್ಲ ಗೋಡೆಗಳಿಂದ ಎರಡೋ ಮೂರೋ ಪಾಲುಗಳಾಗಿ ವಿಂಗಡಿಸಿರಬೇಕು. ಒಂದು ಪಾಲಿನಲ್ಲಿ ಬೆಂಕಿ ಕಾಣಿಸಿಕೊಂಡರೆ ಅಲ್ಲಿನ ಮಂಚಗಳ ಬ್ರೇಕು ತೆಗೆದು, ಚಕ್ರದ ಮೇಲೆಯೇ ತಳ್ಳಿಕೊಂಡು, ಅಗ್ನಿನಿರೋಧಕ ಬಾಗಿಲು ದಾಟಿಸಿ ಪಕ್ಕದ ಪಾಲಿಗೆ ಸೇರಿಸಿ, ಬಾಗಿಲು ಮುಚ್ಚಬೇಕು. ಅಲ್ಲಿಗೂ ಅಪಾಯ ಬರುವಂತಿದ್ದರೆ ಅದರಾಚೆಯ ಪಾಲಿಗೆ. ಮೆಟ್ಟಿಲಿನ ಮಾತು ಕೊನೆಗೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗಕ್ಕೂ ಇದು ಗೊತ್ತಿದೆ. ಗೊತ್ತಿಲ್ಲದಿರುವುದು ಫಲಕ ಬರೆಯುವವನಿಗೆ ಮಾತ್ರ.

ಅದೇ ಐದು ಜನರ ಲೆಕ್ಕವನ್ನು ಈಗ ಮತ್ತೆ ಹಾಕಿ ನೋಡಿ. ಒಂದು ಮಂಚಕ್ಕೆ ಇಬ್ಬರು ಸಾಕು, ಒಬ್ಬರು ತಳ್ಳಲು, ಒಬ್ಬರು ತಲೆಯ ಕಡೆ ನಿಂತು ಉಸಿರು ನೋಡಿಕೊಳ್ಳಲು. ವೆಂಟಿಲೇಟರಿಗೆ ಒಳಗೇ ಬ್ಯಾಟರಿ ಇರುತ್ತದೆ, ಆಮ್ಲಜನಕಕ್ಕೆ ಮಂಚದ ಕೆಳಗೆ ಸಣ್ಣ ಸಿಲಿಂಡರ್ ಇಟ್ಟರಾಯಿತು. ಮೂವತ್ತು ಮೀಟರ್ ದೂರವನ್ನು ಹೋಗಿ ಬರಲು, ವೈರು ಕೊಳವೆಗಳ ಬಿಡಿಸಾಟವೂ ಸೇರಿ, ಎರಡು ನಿಮಿಷ ಹಿಡಿದರೆ, ಎರಡು ಜೋಡಿಗಳು ಹತ್ತು ನಿಮಿಷದಲ್ಲಿ ಹತ್ತು ಮಂಚಗಳನ್ನು ದಾಟಿಸುತ್ತವೆ. ಐದನೆಯವರು ಆಚೆ ಬದಿಯಲ್ಲಿ ನಿಂತು ಬಂದವರನ್ನು ನೋಡಿಕೊಳ್ಳಬಹುದು. ಬೆಂಕಿಗೆ ಅತಿ ಹತ್ತಿರವಿರುವ ಹಾಸಿಗೆ ಮೊದಲು ಹೊರಡಬೇಕು. ಎಲ್ಲರೂ ದಾಟಿದ ಮೇಲೆ, ಒಳಗೆ ಆಮ್ಲಜನಕದ ಮೇಲೆ ಯಾರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ವಾರ್ಡಿನ ಹೊರಗೋಡೆಯಲ್ಲಿರುವ ಪೆಟ್ಟಿಗೆಯ ವಾಲ್ವ್ ತಿರುಗಿಸಿ ಪೈಪಿನ ಆಮ್ಲಜನಕ ನಿಲ್ಲಿಸಬೇಕು, ಇಲ್ಲದಿದ್ದರೆ ಬೆಂಕಿಗೆ ನಾವೇ ಊಟ ಬಡಿಸಿದಂತಾಗುತ್ತದೆ. ಮಾವನಿದ್ದ ಮಹಡಿಯಲ್ಲಿ ಆ ಪೆಟ್ಟಿಗೆಗೆ ಬೀಗ ಹಾಕಿ, ಬೀಗ ಕಾಣದಂತೆ ಔಷಧಿ ಕಂಪನಿಯೊಂದರ ಕ್ಯಾಲೆಂಡರ್ ತೂಗುಹಾಕಿದ್ದರು. ಬೀಗದ ಕೈ ಎಲ್ಲಿದೆ ಎಂದು ಕೇಳಿದ್ದಕ್ಕೆ ರಾತ್ರಿಯ ಸಿಸ್ಟರ್, “ಮೇಂಟೆನೆನ್ಸ್‌ನವರ ಹತ್ತಿರ ಇರುತ್ತೆ ಸಾರ್, ಅವರು ಬೆಳಿಗ್ಗೆ ಒಂಬತ್ತಕ್ಕೆ ಬರ್ತಾರೆ” ಎಂದು ಪ್ರಾಮಾಣಿಕವಾಗಿ ಉತ್ತರಿಸಿದರು. ಬೆಂಕಿಯೂ ಡ್ಯೂಟಿ ಅವಧಿಯನ್ನು ಗೌರವಿಸುವುದೆಂಬ ನಂಬಿಕೆ ಅಲ್ಲಿ ಗಟ್ಟಿಯಾಗಿತ್ತು.

ಪಾಲುಗಳೇನೋ ನಕ್ಷೆಯಲ್ಲಿದ್ದವು. ನಕ್ಷೆಯಲ್ಲಿ ಗೋಡೆ ಕೆಂಪು ಗೆರೆಯಾಗಿ ಇರುತ್ತದೆ, ಹೊಗೆಗೆ ನಕ್ಷೆ ಓದಲು ಬರುವುದಿಲ್ಲ ಎಂಬುದೊಂದೇ ಕಷ್ಟ. ಅಂಥ ಗೋಡೆ ಕೆಳಗಿನ ಚಪ್ಪಡಿಯಿಂದ ಮೇಲಿನ ಚಪ್ಪಡಿಯವರೆಗೂ ಏರಿರಬೇಕು. ಬಹಳಷ್ಟು ಕಡೆ ಅದು ಕಣ್ಣಿಗೆ ಕಾಣುವ ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಏರಿ, ತನ್ನ ಕರ್ತವ್ಯ ಮುಗಿಯಿತೆಂದು ನಿಂತುಬಿಡುತ್ತದೆ. ಪೂರ್ತಿ ಏರಿದ ಗೋಡೆಗೂ ಆಮೇಲೆ ಸಿಸಿಟಿವಿಯವನು ಒಂದು ತೂತು, ಇಂಟರ್‌ನೆಟ್ಟಿನವನು ಒಂದು ತೂತು, ಎಸಿಯವನು ಮುಷ್ಟಿ ಹೋಗುವಷ್ಟು ದೊಡ್ಡದೊಂದು ತೂತು ಕೊರೆದು, ಯಾರೂ ಮುಚ್ಚದೆ ಹೋಗಿರುತ್ತಾರೆ. ಇದನ್ನು ಪರೀಕ್ಷಿಸಲು ಯಾವ ತಜ್ಞರ ಸಮಿತಿಯೂ ಬೇಕಿಲ್ಲ. ಬಾಗಿಲಿನ ಬಳಿ ಏಣಿಯಿಟ್ಟು, ಚಾವಣಿಯ ಒಂದು ಹಲಗೆ ಎತ್ತಿ, ಟಾರ್ಚ್ ಬಿಟ್ಟರೆ ಆಚೆ ವಾರ್ಡಿನ ಬೆಳಕು ಕಾಣುತ್ತದೋ ಇಲ್ಲವೋ ನೋಡಿದರೆ ಸಾಕು. ಬೆಳಕು ದಾಟುವಲ್ಲಿ ಹೊಗೆ ದಾಟುತ್ತದೆ. ಆದರೆ ನಾನು ಕಂಡ ತಪಾಸಣೆಗಳಲ್ಲೆಲ್ಲ ಬಂದವರು ಕೆಂಪು ಸಿಲಿಂಡರಿಗೆ ಅಂಟಿಸಿದ ಚೀಟಿಯ ತಾರೀಖು ಓದಲು ಬಗ್ಗಿದ್ದಾರೆಯೇ ಹೊರತು, ಯಾರೂ ಕತ್ತು ಎತ್ತಿ ಮೇಲೆ ನೋಡಿದ್ದು ಕಾಣೆ.

ಹೊಗೆ ಹೇಗೆ ಪ್ರಯಾಣ ಮಾಡುತ್ತದೆ ಎಂಬುದನ್ನು ಈ ದೇಶ 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಢಾಕುರಿಯಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಕಲಿತಿರಬೇಕಿತ್ತು. ವಾಹನ ನಿಲ್ಲಿಸಲೆಂದಿದ್ದ ನೆಲಮಾಳಿಗೆಯನ್ನು ಉಗ್ರಾಣ ಮಾಡಿಕೊಂಡಿದ್ದರು. ಬೆಂಕಿ ಹುಟ್ಟಿದ್ದು ಅಲ್ಲಿ. ರೋಗಿಗಳಿದ್ದದ್ದು ಮೇಲಿನ ಮಹಡಿಗಳಲ್ಲಿ. ಸುಮಾರು 90 ಜನ ಸತ್ತರು, ಬಹುತೇಕರು ಸುಟ್ಟುಕೊಂಡಲ್ಲ, ಉಸಿರುಗಟ್ಟಿ. ಬೆಂಕಿ ಮಹಡಿ ಹತ್ತುವ ಶ್ರಮ ತೆಗೆದುಕೊಳ್ಳಲೇ ಇಲ್ಲ; ಎಸಿ ಕೊಳವೆಗಳೂ ಕಟ್ಟಡದೊಳಗಿನ ಲಂಬ ಕಿಂಡಿಗಳೂ ಹೊಗೆಯನ್ನು ವಾರ್ಡುಗಳವರೆಗೆ ಹೊತ್ತು ತಂದು ಒಪ್ಪಿಸಿದವು. ಕಟ್ಟಡಕ್ಕೆ ಚೆಂದದ ಗಾಜಿನ ಹೊದಿಕೆ ಇದ್ದುದರಿಂದ ಬಂದ ಹೊಗೆಗೆ ಹೊರಹೋಗಲು ದಾರಿಯಿರಲಿಲ್ಲ, ಗಾಜು ಒಡೆದು ರೋಗಿಗಳನ್ನು ಇಳಿಸಬೇಕಾಯಿತು. ಹೊಗೆ ಕಂಡು ನೆರವಿಗೆ ಓಡಿಬಂದ ಪಕ್ಕದ ಕೊಳೆಗೇರಿಯ ಯುವಕರನ್ನು ಕಾವಲುಗಾರರು ಮೊದಲಿಗೆ ಒಳಗೆ ಬಿಡಲಿಲ್ಲ. ಭೇಟಿಯ ಸಮಯ ಆಗಿರಲಿಲ್ಲವೇನೋ. ಕೇರಳದ ಇಬ್ಬರು ನರ್ಸುಗಳು ತಮ್ಮ ವಾರ್ಡಿನ ರೋಗಿಗಳನ್ನು ಹೊರಗೆ ಸಾಗಿಸುತ್ತ ಪ್ರಾಣ ಬಿಟ್ಟರು. ಮಹಡಿಯಲ್ಲಿ ಹೊಗೆ ತಡೆಯುವ ಒಂದು ಗೋಡೆ, ಒಂದು ಬಾಗಿಲು, ಹೊಗೆ ಕಂಡೊಡನೆ ಮುಚ್ಚಿಕೊಳ್ಳುವ ಡ್ಯಾಂಪರ್ ಎಂಬ ತಗಡಿನ ರೆಕ್ಕೆ ಆ ಕೊಳವೆಗಳೊಳಗೆ ಇದ್ದಿದ್ದರೆ ಅವರ ಕೈಯಲ್ಲಿ ಇನ್ನಷ್ಟು ನಿಮಿಷಗಳಿರುತ್ತಿದ್ದವು.

ಇಷ್ಟಾದ ಮೇಲೂ ನಮ್ಮ ಮಹಡಿಯ ಆಚೆ ಪಾಲು ಏನಾಗಿತ್ತೆಂದು ನೋಡಿ ಬಂದೆ. ಬೆಂಕಿ ಬಿದ್ದ ಕಡೆಯ ಮಂಚಗಳಿಗೆ ಆಚೆ ಕಡೆ ಜಾಗವಿರಬೇಕೆಂಬುದು ಈ ಪದ್ಧತಿಯ ಪ್ರಾಣ. ಅಮೆರಿಕದ ಸಂಹಿತೆ ಮಲಗಿದ ಒಬ್ಬೊಬ್ಬ ರೋಗಿಗೂ 30 ಚದರ ಅಡಿ ಖಾಲಿ ನೆಲ ಕೇಳುತ್ತದೆ. ಇಲ್ಲಿ ಆಚೆ ಪಾಲಿನ ವಿಶಾಲ ಮೊಗಸಾಲೆ ಡಿಲಕ್ಸ್ ಕೋಣೆಗಳ ಲಾಂಜ್ ಆಗಿತ್ತು. ಸೋಫಾಗಳಿದ್ದವು, ಮೀನಿನ ತೊಟ್ಟಿಯಿತ್ತು, ಹೊಗಲು ಕಾರ್ಡ್ ಉಜ್ಜಬೇಕಿತ್ತು. ಜನರಲ್ ವಾರ್ಡಿನ ರೋಗಿ ಬೆಂಕಿಯಿಂದ ಪಾರಾಗಲು ಮೊದಲು ಕೋಣೆಯ ದರ್ಜೆ ಏರಿಸಿಕೊಳ್ಳಬೇಕು, ಅದಕ್ಕೆ ವಿಮಾ ಕಂಪನಿಯ ಒಪ್ಪಿಗೆ ಬೇಕು.

ಆ ಎರಡು ಪಾಲುಗಳ ನಡುವಿನ ಅಗ್ನಿನಿರೋಧಕ ಬಾಗಿಲು ಮಾತ್ರ ನಿಜವಾಗಿಯೂ ಒಳ್ಳೆಯ ಬಾಗಿಲು. ಭಾರವಾದದ್ದು, ಅಂಚಿನಲ್ಲಿ ಬಿಸಿಗೆ ಉಬ್ಬಿಕೊಂಡು ಸಂದು ಮುಚ್ಚುವ ಪಟ್ಟಿಯಿರುವುದು, ತಾನಾಗಿಯೇ ಮುಚ್ಚಿಕೊಳ್ಳುವಂತೆ ಮೇಲೆ ಕ್ಲೋಸರ್ ಇರುವುದು. ತೆರೆದೇ ಇಡಬೇಕಾದ ಕಡೆ, ಅಲಾರಂ ಕೂಗಿದೊಡನೆ ತಾನೇ ಕೈಬಿಡುವ ಅಯಸ್ಕಾಂತ ಹಾಕುತ್ತಾರೆ. ಇಲ್ಲಿ ಅದಕ್ಕಿಂತ ಅಗ್ಗದ ತಂತ್ರಜ್ಞಾನವಿತ್ತು. ಸಲೈನ್ ಬಾಟಲಿಗಳು ಬಂದ ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ನಾಲ್ಕಾಗಿ ಮಡಚಿ ಬಾಗಿಲಿನ ಕೆಳಗೆ ತುರುಕಿದ್ದರು. ಕೆಲಸವಿಲ್ಲದ ಮಧ್ಯಾಹ್ನ, ಮಾವನಿಗೆ ನಿದ್ದೆ ಹತ್ತಿದ ಮೇಲೆ, ನಾನು ಮೆಲ್ಲಗೆ ಆ ರಟ್ಟನ್ನು ಎಳೆದೆ. ಬಾಗಿಲು ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ, ಎಲ್ಲೂ ತಡೆಯದೆ ಚೌಕಟ್ಟಿಗೆ ಕೂತುಕೊಂಡಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಊಟದ ಟ್ರಾಲಿ ತಳ್ಳಿಕೊಂಡು ಬಂದ ಹೆಂಗಸು ಬಾಗಿಲಿಗೆ ಬಡಿದು ಜೋರು ಮಾಡಿದಳು. ವಾರ್ಡ್ ಬಾಯ್ ಓಡಿ ಬಂದು, ನೆಲದ ಮೇಲೆ ಬಿದ್ದಿದ್ದ ರಟ್ಟನ್ನು ಎತ್ತಿ, ನನ್ನನ್ನೊಮ್ಮೆ ನೋಡಿ, ಈ ಸಲ ಎಂಟಾಗಿ ಮಡಚಿ, ಕಾಲಿನಿಂದ ಒದ್ದು ಒಳಗೆ ಸೇರಿಸಿದ.