ಒಂದೇ ಒಂದು ಸೀಟೂ ಹೋಗಲ್ಲ, ಆರಾಮಾಗಿರಿ

2025ರ ಫೆಬ್ರವರಿಯಲ್ಲಿ ಅಮಿತ್ ಶಾ ಅವರು ಕೊಯಮತ್ತೂರಿಗೆ ಬಂದು, ಜನಸಂಖ್ಯೆ ನೋಡಿ ರಾಜ್ಯಗಳಿಗೆ ಸೀಟು ಮರುಹಂಚುವ ಕ್ಷೇತ್ರ ಪುನರ್ವಿಂಗಡಣೆ ನಡೆದರೂ ಪ್ರೊ ರೇಟಾ, ಅಂದರೆ ಪ್ರಮಾಣಕ್ಕೆ ತಕ್ಕ ಲೆಕ್ಕದಲ್ಲಿ, ದಕ್ಷಿಣದ ಯಾವ ರಾಜ್ಯಕ್ಕೂ ಒಂದೇ ಒಂದು ಲೋಕಸಭಾ ಸೀಟೂ ಕಡಿಮೆ ಆಗುವುದಿಲ್ಲ ಎಂದು ಹೇಳಿ ಹೋದರು. ಎಷ್ಟು ಒಳ್ಳೆಯ ಮಾತು ಅಲ್ವಾ? ಯಾವುದರ ಪ್ರೊ ರೇಟಾ ಅಂತ ಕೇಳುವವರು ಸುಮ್ನೆ ಕಿರಿಕಿರಿ ಮಾಡುವವರು.

ಅದಕ್ಕೆ ನಾಲ್ಕು ತಿಂಗಳು ಮೊದಲೇ ಚಂದ್ರಬಾಬು ನಾಯ್ಡು ಅವರು ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಅಂದಿದ್ದರು. ಸ್ಟಾಲಿನ್ ಅವರು ಸಾಮೂಹಿಕ ಮದುವೆಯಲ್ಲಿ ನಿಂತು ಹದಿನಾರು ಮಕ್ಕಳ ಮಾತು ತೆಗೆದಿದ್ದರು. ಗೋಡೆ ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆಸಿ, ಆರತಿಗೊಬ್ಬಳು ಕೀರ್ತಿಗೊಬ್ಬ ಸಾಕು ಅಂತ ನಮ್ಮ ಅಪ್ಪ ಅಮ್ಮನ ತಲೆ ತಿಂದದ್ದು ಇದೇ ಸರ್ಕಾರಗಳು. ಪಾಪ, ಅವರು ಮಾತು ಕೇಳಿದರು. ಅದೇ ತಪ್ಪಾಯಿತು.

ಸಂವಿಧಾನದ 81ನೇ ವಿಧಿ ಹೇಳುವುದು ಸರಳ. ಎಷ್ಟು ಜನಕ್ಕೆ ಒಬ್ಬ ಎಂಪಿ ಎನ್ನುವ ಲೆಕ್ಕ ಎಲ್ಲ ರಾಜ್ಯಕ್ಕೂ ಆದಷ್ಟು ಒಂದೇ ಇರಬೇಕು. 1971ರ ಜನಗಣತಿಯಲ್ಲಿ ಕೇರಳ 2.13 ಕೋಟಿ, ಸೀಟು 20. ಉತ್ತರ ಪ್ರದೇಶ 8.83 ಕೋಟಿ, ಸೀಟು 85 (ಆಗ ಉತ್ತರಾಖಂಡವೂ ಅದರೊಳಗೇ ಇತ್ತು). ಇಬ್ಬರಿಗೂ ಹತ್ತೂವರೆ ಲಕ್ಷದ ಆಸುಪಾಸಿಗೆ ಒಬ್ಬ ಎಂಪಿ. ಜನ ಕಡಿಮೆ ಮಾಡಿದವರಿಗೆ ಮುಂದೆ ಸೀಟೂ ಕಡಿಮೆ ಮಾಡಿದರೆ ಕುಟುಂಬ ಯೋಜನೆಯನ್ನು ಯಾರು ಪಾಲಿಸುತ್ತಾರೆ? ಅದಕ್ಕೇ 1976ರಲ್ಲಿ, ತುರ್ತು ಪರಿಸ್ಥಿತಿ ನಡುವೆ, 42ನೇ ತಿದ್ದುಪಡಿ ತಂದು ರಾಜ್ಯಗಳ ಪಾಲನ್ನು 1971ರ ಲೆಕ್ಕಕ್ಕೇ ಕಟ್ಟಿಹಾಕಿದರು. 2001ರವರೆಗೆ ಅಂದರು. 2001 ಬಂತು. ಇನ್ನೊಂದು ತಿದ್ದುಪಡಿ ಮಾಡಿ, 2026 ಆದ ಮೇಲಿನ ಮೊದಲ ಜನಗಣತಿವರೆಗೆ ಅಂದರು. ನಮ್ಮ ಕಾಲಕ್ಕೆ ತಲೆನೋವು ಬೇಡ, ಮುಂದಿನವರು ನೋಡಿಕೊಳ್ಳಲಿ ಎಂಬ ದೂರದೃಷ್ಟಿಗೆ ಎಲ್ಲ ಪಕ್ಷಗಳೂ ಕೈ ಎತ್ತಿದವು. ಈಗ ಮುಂದಿನವರು ನಾವೇ.

ಒಂದೇ ಒಂದು ಸೀಟೂ ಹೋಗಲ್ಲ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ. 543 ಸೀಟನ್ನು ಹಾಗೇ ಇಟ್ಟು 2011ರ ಜನಸಂಖ್ಯೆಗೆ ಹಂಚಿದರೆ ಕೇರಳಕ್ಕೆ 15 ಬರುತ್ತದೆ, ಉತ್ತರ ಪ್ರದೇಶಕ್ಕೆ 90. ಕೇರಳದ 20 ಉಳಿಯಲೇಬೇಕು ಅಂದರೆ ಇಡೀ ಸದನವನ್ನು 725ರ ಹತ್ತಿರ ಬೆಳೆಸಬೇಕು. ಕುರ್ಚಿಗೇನೂ ಕೊರತೆ ಇಲ್ಲ, ಹೊಸ ಸಂಸತ್ ಭವನದಲ್ಲಿ ಲೋಕಸಭೆಗೆ 888 ಹಾಕಿಸಿದ್ದಾರೆ. ಆಗ ಕೇರಳಕ್ಕೆ 20, ಉತ್ತರ ಪ್ರದೇಶಕ್ಕೆ 120. ಕೊಟ್ಟ ಮಾತು ಉಳಿಯಿತು! 543ರಲ್ಲಿ 20 ಇದ್ದದ್ದು 725ರಲ್ಲಿ 20 ಆಯಿತು, ಅಷ್ಟೇ. ಸದನದಲ್ಲಿ ಮತ ಎಣಿಸುವಾಗ ಪಾಲಿನ ಕಾಲು ಭಾಗ ಮಾಯ. ಸಿಕ್ಕಿಂ, ಮಿಜೋರಾಂ ತರಹ 60 ಲಕ್ಷಕ್ಕಿಂತ ಚಿಕ್ಕ ರಾಜ್ಯಗಳಿಗೆ ಈ ಸಮಾನ ಲೆಕ್ಕದಿಂದ ವಿನಾಯಿತಿ ಇದೆ, ಅವುಗಳ ಒಂದು ಸೀಟಿಗೆ ಭಯವಿಲ್ಲ. ಆದರೆ 725ರಲ್ಲಿ ಒಬ್ಬನ ಧ್ವನಿ ಯಾರಿಗೆ ಕೇಳಬೇಕು?

ಈಗ ನಮ್ಮ ಕಥೆ. 543 ಸೀಟನ್ನೇ ಇಟ್ಟುಕೊಂಡರೆ ಇದೇ 2011ರ ಲೆಕ್ಕಕ್ಕೆ ಕರ್ನಾಟಕ 28ರಿಂದ 27ಕ್ಕೆ ಇಳಿಯಬಹುದು, ಅಷ್ಟೇ. ಯಾಕೆ ಗೊತ್ತಾ? 2001ರಿಂದ 2011ರೊಳಗೆ ರಾಜ್ಯದ ಜನಸಂಖ್ಯೆ ಸುಮಾರು 82 ಲಕ್ಷ ಹೆಚ್ಚಿತು. ಅದರಲ್ಲಿ ಸುಮಾರು 31 ಲಕ್ಷ ಬೆಂಗಳೂರು ನಗರ ಜಿಲ್ಲೆ ಒಂದರದ್ದೇ. ಅಷ್ಟನ್ನೂ ನಾವೇ ಹೆತ್ತದ್ದಲ್ಲ ಸ್ವಾಮಿ. ಜನಗಣತಿಯವರು ನಿಮ್ಮ ಊರು ಯಾವುದು ಅಂತ ನೋಡಿ ಸೀಟು ಕೊಡುವುದಿಲ್ಲ, ಎಲ್ಲಿ ವಾಸ ಇದ್ದೀರೋ ಅಲ್ಲಿಗೇ ಎಣಿಸುತ್ತಾರೆ. ಹೊರಗಿನವರು ಬಂದು ಊರು ಹಾಳಾಯಿತು ಎಂದು ಸಿಲ್ಕ್ ಬೋರ್ಡ್ ಜಾಮಿನಲ್ಲಿ ಬೈಯುತ್ತೀರಲ್ಲ, ಪಕ್ಕದ ಬೈಕಿನಲ್ಲಿ ಕೂತಿರುವ ಬಿಹಾರದ ಹುಡುಗ ಪಾಟ್ನಾದ ಪಾಲು ಬಿಟ್ಟು ಬಂದು ನಮ್ಮ ಎಂಪಿ ಸೀಟು ಕಾಯುತ್ತಿದ್ದಾನೆ. ಒಂದು ನಮಸ್ಕಾರ ಹಾಕಿ.

ಹಾಗಂತ ಬೀಗ ಹಾಕಿಟ್ಟದ್ದೇ ನ್ಯಾಯ ಅನ್ನೋದಕ್ಕೂ ಆಗಲ್ಲ. ರಾಜಸ್ಥಾನದಲ್ಲಿ 27 ಲಕ್ಷ ಜನಕ್ಕೆ ಒಬ್ಬ ಎಂಪಿ, ಕೇರಳದಲ್ಲಿ 17 ಲಕ್ಷಕ್ಕೆ. ಬಿಕಾನೇರ್‌ನವನು ನನ್ನ ವೋಟು ಅಷ್ಟು ಅಗ್ಗವಾ ಅಂತ ಕೇಳಿದರೆ ಏನು ಹೇಳೋಣ? ಅಲ್ಲೂ ಶಾಲೆ, ಆಸ್ಪತ್ರೆ ನೆಟ್ಟಗೆ ಮಾಡಿದ್ದರೆ ಈ ಅಂತರ ಇಷ್ಟು ಬೆಳೆಯುತ್ತಿರಲಿಲ್ಲ. ಅದನ್ನೂ ಮಾಡಲಿಲ್ಲ. ಐವತ್ತು ವರ್ಷ ಇತ್ತು. ರಾಜ್ಯಸಭೆಗೆ ರಾಜ್ಯಗಳ ಸಭೆಯ ಬಲ ಕೊಡಬಹುದಿತ್ತು, ಅಲ್ಲೂ ಜನಸಂಖ್ಯೆಯದೇ ಲೆಕ್ಕ. ಐವತ್ತು ವರ್ಷ ಕೂತು ದಿನಾಂಕ ಮುಂದೂಡಿ, ಈಗ ಮಾತು ಕೇಳಿದ ಹೆಂಗಸರಿಗೆ ಹೋಗಿ ಇನ್ನೆರಡು ಹೆರಿ ಅನ್ನುತ್ತಾರಲ್ಲ, ಇವರಿಗೆ ನಾಚಿಕೆ ಆಗಲ್ವಾ? ಹೋಗಲಿ, ಒಟ್ಟು ಸೀಟು ಎಷ್ಟು ಮಾಡುತ್ತೀರಿ, ಯಾವ ಲೆಕ್ಕಕ್ಕೆ ಹಂಚುತ್ತೀರಿ, ಅದನ್ನಾದರೂ ಹೆರಿಗೆಗೆ ಮೊದಲು ಹೇಳಿ.