ಐವತ್ತು ಸಾಕು, ಒಬ್ಬಟ್ಟು ಬೇಡ

ಈಗೆಲ್ಲ ಗೃಹಪ್ರವೇಶಕ್ಕೆ ತೋರಣಕ್ಕಿಂತ ಮೊದಲು ವಾಟ್ಸಾಪ್ ಗ್ರೂಪ್ ಕಟ್ಟುತ್ತಾರೆ. ಬನಶಂಕರಿಯಲ್ಲಿ ಅಣ್ಣ-ಅತ್ತಿಗೆ ಮನೆ ಕಟ್ಟಿಸಿದಾಗಲೂ ಹಾಗೇ ಆಯಿತು. ಅಡುಗೆ ಭಟ್ಟರ ಜೊತೆ ಮಾತಾಡುವ ಕೆಲಸ ನನ್ನ ತಲೆಗೆ ಬಂತು. ಅತ್ತಿಗೆ ಶುರುವಿನಲ್ಲೇ ಸ್ಪಷ್ಟವಾಗಿ ಬರೆದಿದ್ದರು: '80 ಎಲೆ. ಬೇಳೆ ಒಬ್ಬಟ್ಟು, ಎಲೆಗೆ ಎರಡು. ಒಬ್ಬಟ್ಟಿನ ಸಾರು ಇರಲೇಬೇಕು.' ಅದಾದ ಮೇಲೆ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳು, ಸೀರೆಯ ಫೋಟೋಗಳು, ಪಾರ್ಕಿಂಗ್ ಜಗಳ, ಎಲ್ಲ ನಡೆದವು.

ಹಿಂದಿನ ದಿನ ಮಧ್ಯಾಹ್ನ ಚಿಕ್ಕಪ್ಪನ ಮೆಸೇಜ್ ಬಂತು. 'ಐವತ್ತು ಸಾಕು. ಒಬ್ಬಟ್ಟು ಬೇಡ.' ಅಷ್ಟೇ. ಕೆಳಗೆ ಏಳು ಜನ ಕೈ ಮುಗಿದಿದ್ದರು. ಕೈ ಮುಗಿದರೆ ಒಪ್ಪಿಗೆಯೋ, ನಮಸ್ಕಾರವೋ, 'ಓದಿದೆ ಮಾರಾಯ' ಅಂತಲೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಒಂದು ನಂಬಿಕೆ ಇದೆ. ಕೊನೆಗೆ ಬಂದ ಮೆಸೇಜೇ ಕಾನೂನು. ಅತ್ತೆ ಆಗಲೇ ಫೋನ್ ಮಾಡಿ, "ಭಟ್ಟರಿಗೆ ಐವತ್ತು ಅಂತ ಹೇಳಿಬಿಡು" ಅಂದರು. ಆದರೆ ಹಣ ಕೊಡುವವರು ಅತ್ತಿಗೆ. ಚಿಕ್ಕಪ್ಪ ಹಿರಿಯರು, ಸರಿ. ಆದರೆ 80 ಅಂದವರು ಒಬ್ಬರು, 50 ಅಂದವರು ಇನ್ನೊಬ್ಬರು. ಹೇಳಿದವರೇ ಮನಸ್ಸು ಬದಲಿಸಿದ್ದರೆ ಬೇರೆ ಮಾತು, ಅಲ್ವಾ?

ಒಬ್ಬಟ್ಟಿನದ್ದು ಇನ್ನೂ ದೊಡ್ಡ ತಲೆನೋವು. ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲೇ ಒಬ್ಬಟ್ಟಿನ ಸಾರು ಆಗೋದು. ಒಬ್ಬಟ್ಟು ಹೋದರೆ ಹೂರಣ ಇಲ್ಲ, ಕಟ್ಟಿಲ್ಲ, ಸಾರೂ ಇಲ್ಲ. ಚಿಕ್ಕಪ್ಪ ಎರಡು ಪದದಲ್ಲಿ ಎರಡು ಪದಾರ್ಥ ತೆಗೆದಿದ್ದರು. ಸಾರಿನ ವಿಷಯ ಅವರ ತಲೆಯಲ್ಲಿ ಇತ್ತೋ ಇಲ್ಲವೋ! ಸಾರು ಇರಲೇಬೇಕು ಅನ್ನುವ ಅತ್ತಿಗೆಯ ಮಾತನ್ನು ಮಾತ್ರ ಯಾರೂ ವಾಪಸ್ ತೆಗೆದುಕೊಂಡಿರಲಿಲ್ಲ.

ಮೊದಲು ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ನೋಡಿದೆ. ಹುಡುಕುವ ಜಾಗದಲ್ಲಿ 'ಒಬ್ಬಟ್ಟು' ಅಂತ ಹಾಕಿದರೆ ಕನ್ನಡ ಅಕ್ಷರದಲ್ಲಿ ಬರೆದದ್ದು ಮಾತ್ರ ಸಿಕ್ಕಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದವರು, 'ಹೋಳಿಗೆ' ಅಂದವರು, ಎಲ್ಲರೂ ತಪ್ಪಿಸಿಕೊಂಡರು. ದೊಡ್ಡಮ್ಮನ ವಾಯ್ಸ್ ಮೆಸೇಜನ್ನಂತೂ ಹುಡುಕೋಕೇ ಆಗಲ್ಲ, ಪೂರ್ತಿ ಕೇಳಬೇಕು. ಕೇಳಿದೆ. ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿದ್ದು ಮಾತ್ರ ಅರ್ಥವಾಯಿತು. ಚಿಕ್ಕಪ್ಪ ಯಾವ ಮೆಸೇಜಿಗೆ ಉತ್ತರ ಕೊಟ್ಟರು ಅಂತಲೂ ತಿಳಿಯಲಿಲ್ಲ. ಆ ಮೆಸೇಜನ್ನು ಬಲಕ್ಕೆ ಎಳೆದು ಉತ್ತರ ಬರೆದಿದ್ದರೆ ಮೇಲೆ ಅದೂ ಕಾಣುತ್ತಿತ್ತು. ಆದರೆ ಚಿಕ್ಕಪ್ಪ ಎಳೆಯೋದು ಹಗ್ಗಜಗ್ಗಾಟದ ಹಗ್ಗ ಮಾತ್ರ, ಅದೂ ಸಂಕ್ರಾಂತಿಗೆ ಊರಿಗೆ ಹೋದಾಗ.

ಭಟ್ಟರು ಸಂಜೆ ಆರರವರೆಗೆ ಕಾಯುತ್ತೇನೆ ಅಂದಿದ್ದರು. ಆಮೇಲೆ ಬೇಳೆ ಒಲೆ ಮೇಲೆ. ಗ್ರೂಪಿನಲ್ಲೇ ಕೇಳಿದೆ: 'ಚಿಕ್ಕಪ್ಪ, ಮೊದಲು 80 ಎಲೆ, ಒಬ್ಬಟ್ಟು ಅಂತ ಇತ್ತು. ಈಗ ನೀವು 50, ಒಬ್ಬಟ್ಟು ಬೇಡ ಅಂದಿದ್ದೀರಿ. ಭಟ್ಟರಿಗೆ ಯಾವುದು ಹೇಳಲಿ?'

ಉತ್ತರ ಬಂತು. 'ಹೌದು.'

ಇನ್ನು ಬರವಣಿಗೆಯಿಂದ ಉಪಯೋಗವಿಲ್ಲ ಅಂತ ಫೋನ್ ಮಾಡಿದೆ. 'ಸರಿ ತಾನೆ?' ಅಂತ ಕೇಳಿದ್ದರೆ ಇಲ್ಲೂ 'ಹೌದು' ಅಂದುಬಿಡುತ್ತಿದ್ದರು. ಅದಕ್ಕೆ, "ಚಿಕ್ಕಪ್ಪ, ಐವತ್ತು ಏನು?" ಅಂತ ಕೇಳಿದೆ.

"ಕುರ್ಚಿ ಕಣೋ! ಶಾಮಿಯಾನದವನು ಎಷ್ಟು ಅಂತ ಕೇಳ್ತಿದ್ದ. ಎರಡು ಪಂಕ್ತಿ ಹಾಕಿದರೆ ಐವತ್ತು ಜಾಸ್ತೀನೇ ಆಯ್ತು."

"ಮತ್ತೆ ಒಬ್ಬಟ್ಟು?"

"ನನಗೆ ಬೇಡ ಅಂದೆ. ಶುಗರ್ ಅಲ್ವಾ? ನಿಮ್ಮ ಚಿಕ್ಕಮ್ಮ ಗ್ರೂಪಲ್ಲೇ ಬರಿ, ಸಾಕ್ಷಿ ಇರಲಿ ಅಂದಳು."

ಅಂದರೆ ಎರಡು ಮಾತಿಗೂ ಜಗಳವೇ ಇರಲಿಲ್ಲ. 80 ಎಲೆಯದ್ದು, 50 ಕುರ್ಚಿಯದ್ದು, ಒಬ್ಬಟ್ಟು ಬೇಡ ಅಂದದ್ದು ಒಂದು ಎಲೆಯದ್ದು. ಅತ್ತೆಯ ಮಾತು ಕೇಳಿದ್ದರೆ ಎರಡನೇ ಪಂಕ್ತಿಯವರು ಕುರ್ಚಿಯಲ್ಲಿ ಕೂತು ಖಾಲಿ ಎಲೆ ನೋಡಬೇಕಿತ್ತು.

ಅತ್ತಿಗೆಗೂ ಫೋನ್ ಮಾಡಿ ಕೇಳಿದೆ. "80 ಅಂದ್ರೆ 80" ಅಂದರು. ಗ್ರೂಪಿನಲ್ಲಿ ಒಂದೇ ಮೆಸೇಜ್ ಹಾಕಿದೆ: 'ಊಟ 80 ಎಲೆ, ಒಬ್ಬಟ್ಟು ಮತ್ತು ಸಾರು ಉಂಟು. ಕುರ್ಚಿ 50. ಮೇಲಿನದ್ದೆಲ್ಲ ಮರೆತುಬಿಡಿ.' ಅದನ್ನು 24 ಗಂಟೆಗೆ ಪಿನ್ ಮಾಡಿದೆ. ಏಳು ಜನ ಮತ್ತೆ ಕೈ ಮುಗಿದರು. ಭಟ್ಟರಿಗೆ ಮಾತ್ರ ಮೆಸೇಜ್ ಕಳಿಸಲಿಲ್ಲ, ಫೋನಿನಲ್ಲಿ ಹೇಳಿ, ಅವರ ಬಾಯಿಂದಲೇ ಮತ್ತೆ ಹೇಳಿಸಿದೆ. "80 ಎಲೆ, ಎಲೆಗೆರಡು, ಒಂದು ಎಲೆಗೆ ಸಿಹಿ ಇಲ್ಲ" ಅಂದರು. ನಾನು ಹೇಳದೇ ಬಿಟ್ಟದ್ದನ್ನೂ ಸೇರಿಸಿ, "ಸಾರಿಗೆ ಕಟ್ಟು ಜಾಸ್ತಿ ಇಡ್ತೀನಿ" ಅಂದರು.

ರಾತ್ರಿ ಒಂಬತ್ತಕ್ಕೆ ದೊಡ್ಡಮ್ಮನ ವಾಯ್ಸ್ ಮೆಸೇಜ್. ಈ ಸಲ ಕುಕ್ಕರ್ ಇರಲಿಲ್ಲ, ಮಾತು ಸ್ಪಷ್ಟವಾಗಿತ್ತು. "ಬೇಳೆ ಒಬ್ಬಟ್ಟು ಯಾಕೆ, ಕಾಯಿ ಒಬ್ಬಟ್ಟು ಮಾಡಿಸಿ."

ಭಟ್ಟರಿಗೆ ಕೇಳಿಸಿದೆ. "ಹೂರಣ ರುಬ್ಬಿ ಆಯ್ತು ಸ್ವಾಮಿ. ಅದು ಮುಂದಿನ ಗೃಹಪ್ರವೇಶಕ್ಕೆ ಇಟ್ಕೊಳ್ಳಿ" ಅಂದರು.