ತಿರುವಿಲ್ಲದ ಕಡೆ ಹಾರ್ನ್

ಅಕ್ಕನ ಮಗ ಐಇಎಲ್‌ಟಿಎಸ್ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಮಳೆಗೆ ಕರೆಂಟ್ ಹೋದ ಹೊತ್ತಿನಲ್ಲಿ ಇಂಗ್ಲಿಷ್ ಪ್ರಬಂಧದ ಹಾಳೆ ಹಿಡಿದು ಬಂದು, "ಚಿಕ್ಕಮ್ಮ, ಒಂಚೂರು ನೋಡಿ" ಅಂದ. 250 ಪದಕ್ಕೆ ಕಮ್ಮಿ ಇರಬಾರದಂತೆ. ಅದರಲ್ಲಿ 5 ಮೋರ್‌ಓವರ್, 4 ಹೌಎವರ್. ಓದುತ್ತಾ ಓದುತ್ತಾ ನನಗೆ ಸಂಪಾಜೆ ಘಾಟಿಯ ಆ ಡ್ರೈವರ್ ನೆನಪಾದ.

ಸುಳ್ಯದಿಂದ ಮಡಿಕೇರಿಗೆ ಹೊರಟಿದ್ದೆವು. ಬಾಡಿಗೆ ಕಾರು. ತಿರುವಿನಲ್ಲಿ ಹಾರ್ನ್ ಹೊಡೆಯಬೇಕು, ಸರಿ. ಈತ ನೇರ ರಸ್ತೆಯಲ್ಲೂ ಹೊಡೆದ. ಹಸುವಿಗೆ ಹೊಡೆದ, ಹಲಸಿನ ಹಣ್ಣು ಮಾರುವವನಿಗೆ ಹೊಡೆದ, ನಿಂತಿದ್ದ ಖಾಲಿ ಜೀಪಿಗೂ ಹೊಡೆದ. "ಯಾಕಪ್ಪಾ?" ಅಂದರೆ, "ಸುಮ್ನೆ, ಇರ್ಲಿ ಅಂತ ಮೇಡಂ." ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡರು. ಕೊನೆಗೆ ನಿಜವಾದ ತಿರುವು ಬಂತು, ಎದುರಿಗೆ ಮರದ ಲಾರಿ. ಹಾರ್ನ್ ಆಯಿತು, ಆದರೆ ಒಳಗಿದ್ದ ನಾವ್ಯಾರೂ ತಲೆ ಎತ್ತಲೇ ಇಲ್ಲ. ಬ್ರೇಕ್ ಬಿದ್ದಾಗ ಅತ್ತೆಯ ಎಲೆ ಅಡಿಕೆ ಡಬ್ಬಿ ನನ್ನ ಮಡಿಲಿಗೆ ಚೆಲ್ಲಿತು. ಆ ಸೀರೆಯ ಸುಣ್ಣದ ಕಲೆ ಇವತ್ತಿಗೂ ಹೋಗಿಲ್ಲ. ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ ಆ ಮಹಾರಾಯ.

ಹಾಳೆಗೆ ಬರುತ್ತೇನೆ. "ಮಳೆ ಜಾಸ್ತಿಯಾಯಿತು. ಮೋರ್‌ಓವರ್, ಕಾಫಿ ಕಾಯಿ ಉದುರಿತು" ಅಂತ ಬರೆದಿದ್ದ. ಕಾಯಿ ಉದುರಿದ್ದು ಮಳೆಯಿಂದ. ಅಲ್ಲಿ ಬೇಕಾದದ್ದು ಸೋ, ನಮ್ಮ 'ಅದಕ್ಕೇ'. ಮಳೆಗೆ ಕಾಯಿ ಉದುರಿತು, ಸಾಲದ್ದಕ್ಕೆ ಕಾಳುಮೆಣಸಿನ ಬಳ್ಳಿಯೂ ಕೊಳೆಯಿತು ಅಂದರೆ ಮೋರ್‌ಓವರ್‌ಗೆ ಕೆಲಸವುಂಟು. ಅದೇ ದಿಕ್ಕಿನಲ್ಲಿ ಇನ್ನೊಂದು ಏಟು ಬೀಳಬೇಕು, ಅಷ್ಟೇ.

ಹೌಎವರ್‌ದು ಬೇರೆ ರಗಳೆ. ಬಟ್ ಹಾಕುವ ಹಾಗೆ ಎರಡು ವಾಕ್ಯದ ನಡುವೆ ಬರೀ ಅಲ್ಪವಿರಾಮ ಕೊಟ್ಟು ಅದನ್ನು ತುರುಕಿದ್ದ. ಬಟ್‌ಗೆ ಅದು ನಡೆಯುತ್ತದೆ. ಹೌಎವರ್‌ಗೆ ಮೊದಲು ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು.

"ಇದನ್ನೆಲ್ಲ ಹಾಕಿದ್ರೆ ಮಾರ್ಕ್ಸ್ ಅಂದ್ರಲ್ಲ ನಮ್ಮ ಸರ್?" ಅಂದ. ಕಮ್ಮಿಯಾದರೂ ಜಾಸ್ತಿಯಾದರೂ ಕಳೆಯುತ್ತಾರೆ ಮಾರಾಯ! ಒಂದೊಂದೇ ಕೊಂಡಿಪದದ ಮೇಲೆ ಬೆರಳಿಟ್ಟು ಮುಚ್ಚಿ ಓದು ಅಂದೆ. ಅರ್ಥ ಕೆಡದಿದ್ದರೆ ಅದು ದಂಡ. "ಕೊಯ್ಯಲು ಆಳು ಸಿಗುವುದಿಲ್ಲ" ಅಂತ ಬರೆದ ಮೇಲೆ ಮುಂದಿನ ವಾಕ್ಯ "ಈ ಕೊರತೆಯಿಂದ" ಅಂತ ಶುರುವಾದರೆ ಸಾಕು, ಕೊಂಡಿ ತಾನೇ ಬಿತ್ತಲ್ವಾ? ಇನ್ ಕನ್‌ಕ್ಲೂಷನ್ ಅಂದವನು ಆಮೇಲೆ ಸಬ್ಸಿಡಿಯ ಹೊಸ ಮಾತು ಎತ್ತಿದ್ದ. ಹೊರಟೆ ಅಂತ ಎದ್ದು ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲುವ ನೆಂಟರ ಹಾಗೆ.

ಕರೆಂಟ್ ಬಂತು. ತಿದ್ದಿದ ಹಾಳೆ ತಂದ. ಮೋರ್‌ಓವರ್ ಒಂದೂ ಇರಲಿಲ್ಲ. ಐದೂ ಕಡೆ ಫರ್ದರ್‌ಮೋರ್ ಕೂತಿತ್ತು.